ಆರು ತಿಂಗಳಿಗೊಮ್ಮೆ ಕೂಡುವ ಬಡ್ಡಿ: ನಾಲ್ಕು ಉತ್ತರ ಬಂದ ಒಂದು ಲೆಕ್ಕ

ರಾಯಚೂರಿನಲ್ಲಿ ಸಂಜೆ ಹೊತ್ತು ಲೆಕ್ಕ ಹೇಳಿಕೊಡುತ್ತೇನೆ. ಎಫ್‌ಡಿಎ, ಎಸ್‌ಡಿಎ, ಬ್ಯಾಂಕ್ ಪರೀಕ್ಷೆಗೆ ಓದುವವರು ಬರುತ್ತಾರೆ. ಪಿಯು ಕಾಮರ್ಸ್ ಮಕ್ಕಳೂ ಕೆಲವರು ಬರುತ್ತಾರೆ. ಹೋದ ವಾರ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದೆ:

"₹40,000 ಅಸಲು. ವಾರ್ಷಿಕ ಬಡ್ಡಿ ದರ ಶೇ. 10. ಅವಧಿ ಒಂದೂವರೆ ವರ್ಷ. ಬಡ್ಡಿಯನ್ನು ಅರ್ಧ ವರ್ಷಕ್ಕೊಮ್ಮೆ ಅಸಲಿಗೆ ಕೂಡಿಸಿದರೆ, ಚಕ್ರಬಡ್ಡಿಯು ಸರಳ ಬಡ್ಡಿಗಿಂತ ಎಷ್ಟು ಜಾಸ್ತಿ?"

ಐದು ನಿಮಿಷದಲ್ಲಿ ನಾಲ್ಕು ಬೇರೆ ಬೇರೆ ಉತ್ತರ ಬಂದವು. ಒಬ್ಬರು 200 ಅಂದರು, ಒಬ್ಬರು 300, ಇನ್ನೊಬ್ಬರು 305, ಕೊನೆಯ ಬೆಂಚಿನವರು 7,240. ಸಿಂಧನೂರು ಕಡೆಯ ಹುಡುಗನೊಬ್ಬ ಎದ್ದು ನಿಂತು, "ಸರ್, ಸೂತ್ರ ಬಾಯಿಪಾಠ ಐತ್ರಿ, ಆದ್ರ ಉತ್ತರ ಮಾತ್ರ ಬರವಲ್ದು" ಅಂದ. ಅವನ ಮಾತು ಸರಿ. ಇಲ್ಲಿ ಎಡವಿಸುವುದು ಸೂತ್ರ ಅಲ್ಲ. ಬಡ್ಡಿ ಯಾವ ದಿನ ಅಸಲಿನೊಳಗೆ ಹೋಗುತ್ತದೆ ಅನ್ನುವುದು ಕಣ್ಣಿಗೆ ಕಾಣದೆ ಇರುವುದೇ ಎಡವಿಸುತ್ತದೆ. ಅದನ್ನು ಕಾಣುವ ಹಾಗೆ ಬರೆದುಕೊಂಡರೆ ನಾಲ್ಕರಲ್ಲಿ ಯಾವುದು ಸರಿ, ಉಳಿದ ಮೂರು ಯಾಕೆ ತಪ್ಪು ಎರಡೂ ಗೊತ್ತಾಗುತ್ತದೆ. ಈ ಒಂದೇ ಲೆಕ್ಕ ಹಿಡಿದುಕೊಂಡು ಹೋಗೋಣ.

ಮೊದಲು ಗೆರೆ ಎಳೆಯಿರಿ

ಹಾಳೆಯ ಮೇಲೆ ಒಂದು ಅಡ್ಡ ಗೆರೆ ಎಳೆಯಿರಿ. ಅದು ಒಂದೂವರೆ ವರ್ಷ. ಆರು ತಿಂಗಳಿಗೆ ಒಂದರಂತೆ ಗುರುತು ಹಾಕಿ. ಮೂರು ತುಂಡು ಆಗುತ್ತದೆ. ಪ್ರತಿ ತುಂಡಿನ ಕೊನೆಯ ಗುರುತು ಅಂದರೆ ಬಡ್ಡಿ ಅಸಲಿಗೆ ಸೇರುವ ದಿನ. ಆ ದಿನ ಬರುವವರೆಗೂ ಬಡ್ಡಿ ಬೇರೆ, ಅಸಲು ಬೇರೆ.

ಈಗ ದರ. ಪ್ರಶ್ನೆಯಲ್ಲಿ ಇರುವುದು ವರ್ಷದ ದರ, ಶೇ. 10. ನಮ್ಮ ತುಂಡು ಅರ್ಧ ವರ್ಷದ್ದು. ಹಾಗಾಗಿ ಒಂದು ತುಂಡಿಗೆ ಶೇ. 5. ದರವನ್ನು ಅರ್ಧ ಮಾಡುವುದಕ್ಕೂ ತುಂಡುಗಳನ್ನು ಎಣಿಸುವುದಕ್ಕೂ ಕಾರಣ ಒಂದೇ: ಲೆಕ್ಕದ ಅಳತೆ ವರ್ಷದಿಂದ ಅರ್ಧ ವರ್ಷಕ್ಕೆ ಬದಲಾಗಿದೆ. ಒಂದನ್ನು ಬದಲಿಸಿ ಇನ್ನೊಂದನ್ನು ಮರೆತರೆ ಲೆಕ್ಕ ಕೆಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಪ್ರಶ್ನೆಯಲ್ಲಿ "ಪ್ರತಿ ಆರು ತಿಂಗಳಿಗೆ ಶೇ. 5" ಅಂತ ನೇರವಾಗಿ ಕೊಟ್ಟಿದ್ದರೆ ಮತ್ತೆ ಅರ್ಧ ಮಾಡಬೇಡಿ. ಅದು ಆಗಲೇ ತುಂಡಿನ ದರ. "ವಾರ್ಷಿಕ" ಅನ್ನುವ ಪದ ಇದೆಯಾ ಇಲ್ಲವಾ ನೋಡಿ, ಅದರ ಕೆಳಗೆ ಗೆರೆ ಹಾಕಿ, ಆಮೇಲೆ ಪೆನ್ನು ಎತ್ತಿ.

ಖಾತೆ ಬರೆದ ಹಾಗೆ ಬರೆಯಿರಿ

ಗಂಜ್‌ನ ದಲ್ಲಾಳಿ ಅಂಗಡಿಗಳಲ್ಲಿ ಗುಮಾಸ್ತರು ಖಾತೆ ಬರೆಯುವುದನ್ನು ನೋಡಿದ್ದೀರಲ್ವಾ? ಒಂದು ಸಾಲು ಮುಗಿಸಿ ಬಾಕಿ ತೆಗೆದು, ಅದೇ ಬಾಕಿಯನ್ನು ಮುಂದಿನ ಸಾಲಿಗೆ ಎಳೆಯುತ್ತಾರೆ. ಹಾಗೇ ಮಾಡೋಣ. ಶೇ. 5 ಅಂದರೆ ಇಪ್ಪತ್ತರಲ್ಲಿ ಒಂದು ಪಾಲು. ಆದ್ದರಿಂದ ಇಲ್ಲಿ ಗುಣಾಕಾರವೇ ಬೇಡ, 20ರಿಂದ ಭಾಗಿಸಿದರೆ ಸಾಕು.

ಮೊದಲ ಆರು ತಿಂಗಳು: ಅಸಲು 40,000. ಬಡ್ಡಿ 2,000. ಕೂಡಿಸಿದರೆ 42,000.

ಎರಡನೇ ಆರು ತಿಂಗಳು: ಅಸಲು 42,000. ಬಡ್ಡಿ 2,100. ಕೂಡಿಸಿದರೆ 44,100.

ಮೂರನೇ ಆರು ತಿಂಗಳು: ಅಸಲು 44,100. ಬಡ್ಡಿ 2,205. ಕೂಡಿಸಿದರೆ 46,305.

ಒಟ್ಟು ಚಕ್ರಬಡ್ಡಿ 6,305. ಸರಳ ಬಡ್ಡಿಯಾದರೆ ಪ್ರತಿ ಆರು ತಿಂಗಳಿಗೂ ಅದೇ 2,000, ಮೂರು ಸಲಕ್ಕೆ 6,000. ವ್ಯತ್ಯಾಸ ₹305.

ಪುಸ್ತಕದ ಸೂತ್ರ ಇದನ್ನೇ ಒಂದು ಸಾಲಿನಲ್ಲಿ ಹೇಳುತ್ತದೆ. ಇದರಲ್ಲಿ P ಅಸಲು, R ವಾರ್ಷಿಕ ದರ, n ವರ್ಷಗಳು, A ಒಟ್ಟು ಮೊತ್ತ:

```
A = P × (1 + R/200)^(2n)
```

200 ಎಲ್ಲಿಂದ ಬಂತು? ಶೇಕಡಾ ಅಂದಾಗ ಕೆಳಗೆ 100 ಬರುತ್ತದೆ, ಅರ್ಧ ಮಾಡಿದ್ದಕ್ಕೆ ಇನ್ನೊಂದು 2 ಸೇರಿ 200 ಆಗುತ್ತದೆ. ಮೇಲಿನ 2n ಅಂದರೆ ತುಂಡುಗಳ ಎಣಿಕೆ, ನಮ್ಮ ಲೆಕ್ಕದಲ್ಲಿ 3. ಬ್ಯಾಂಕ್ ಠೇವಣಿಗಳಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬಡ್ಡಿ ಕೂಡಿಸುತ್ತಾರೆ. ಆಗ ಇದೇ ಜಾಗದಲ್ಲಿ 400 ಮತ್ತು 4n ಬರುತ್ತದೆ. ಬೇರೆ ಏನೂ ಬದಲಾಗುವುದಿಲ್ಲ.

ಆ 305 ರೂಪಾಯಿಯನ್ನು ಬಿಡಿಸಿ ನೋಡಿ

ನನಗೆ ಈ ಪಾಠದಲ್ಲಿ ತುಂಬಾ ಇಷ್ಟವಾಗುವ ಭಾಗ ಇದು. ಇದು ಕೈಗೆ ಹತ್ತಿದರೆ ವ್ಯತ್ಯಾಸದ ಪ್ರಶ್ನೆಗಳೆಲ್ಲ ಹಗುರ ಆಗುತ್ತವೆ.

ಮೊದಲ ತುಂಡಿನಲ್ಲಿ 2,000 ಬಂತು. ಅದರಲ್ಲಿ ವಿಶೇಷ ಏನಿಲ್ಲ, ಸರಳ ಬಡ್ಡಿಯೂ ಅಷ್ಟೇ. ಎರಡನೇ ತುಂಡಿನಲ್ಲಿ ಅಸಲಿನ ಮೇಲೆ ಮತ್ತೆ 2,000 ಬಂತು. ಜೊತೆಗೆ ಹಿಂದಿನ 2,000 ಬಡ್ಡಿಯೂ ದುಡಿಯಿತು. ಅದರ ಶೇ. 5 ಅಂದರೆ 100. ಮೂರನೇ ತುಂಡಿನಲ್ಲಿ ಅಸಲಿನ ಮೇಲೆ 2,000. ಹಿಂದಿನ ಎರಡು 2,000ಗಳ ಮೇಲೆ ನೂರು, ನೂರು. ಆಮೇಲೆ ಎರಡನೇ ತುಂಡಿನಲ್ಲಿ ಹುಟ್ಟಿದ ಆ 100 ಕೂಡ ಸುಮ್ನೆ ಕೂರಲಿಲ್ಲ, ಅದರ ಮೇಲೆ 5 ರೂಪಾಯಿ ಬಂತು.

ಹಾಗಾದರೆ 2,000 ಮೂರು ಸಲ, 100 ಮೂರು ಸಲ, 5 ಒಂದು ಸಲ. ಮೂರು 2,000 ಅಂದರೆ ಸರಳ ಬಡ್ಡಿ. ಉಳಿದ 300 ಮತ್ತು 5 ನಮ್ಮ ವ್ಯತ್ಯಾಸ.

ಎರಡು ತುಂಡಿದ್ದರೆ ಎಣಿಕೆ 2, 1. ಮೂರಿದ್ದರೆ 3, 3, 1. ನಾಲ್ಕಿದ್ದರೆ 4, 6, 4, 1. ಹೈಸ್ಕೂಲಿನಲ್ಲಿ ಪಾಸ್ಕಲ್ ತ್ರಿಕೋನ ನೋಡಿದವರಿಗೆ ಈ ಅಂಕಿಗಳ ಗುರುತು ಸಿಗುತ್ತದೆ. ಇದೇ ಅಸಲನ್ನು ಪೂರ್ತಿ ಎರಡು ವರ್ಷ ಬಿಟ್ಟರೆ ನಾಲ್ಕು ತುಂಡು: 2,000 ನಾಲ್ಕು ಸಲ, 100 ಆರು ಸಲ, 5 ನಾಲ್ಕು ಸಲ, ಕೊನೆಗೆ 5ರ ಶೇ. 5 ಅಂದರೆ 25 ಪೈಸೆ ಒಂದು ಸಲ. ಕೂಡಿದರೆ ₹8,620.25. ಕ್ಯಾಲ್ಕುಲೇಟರ್ ಒತ್ತಿ ನೋಡಿ, ಅಷ್ಟೇ ಬರುತ್ತದೆ. ಪರೀಕ್ಷಾ ಕೊಠಡಿಯಲ್ಲಿ ಕ್ಯಾಲ್ಕುಲೇಟರ್ ಇಲ್ಲದಾಗ 1.05ನ್ನು ನಾಲ್ಕು ಸಲ ಗುಣಿಸುತ್ತಾ ಕೂರುವುದಕ್ಕಿಂತ ಇದು ಬೇಗ ಮುಗಿಯುತ್ತದೆ. ದಶಮಾಂಶ ಬಿಂದು ತಪ್ಪುವ ಭಯವೂ ಕಡಿಮೆ.

ಅರ್ಧ ಮಾಡಿದಾಗ ದರ ಒರಟಾಗಿ ಬಂದರಂತೂ ಇದೇ ದಾರಿ ಒಳ್ಳೆಯದು. ₹20,000ಕ್ಕೆ ವಾರ್ಷಿಕ ಶೇ. 7, ಒಂದು ವರ್ಷ, ಅರ್ಧ ವರ್ಷಕ್ಕೊಮ್ಮೆ ಅಂತ ಇಟ್ಟುಕೊಳ್ಳಿ. ತುಂಡಿನ ದರ ಶೇ. 3.5. ಮೊದಲ ಬಡ್ಡಿ 700. ಆ 700ರ ಶೇ. 3.5 ಅಂದರೆ 24.50. ಎರಡು 700, ಒಂದು 24.50. ಚಕ್ರಬಡ್ಡಿ ₹1,424.50. 1.035ರ ವರ್ಗ ಮಾಡುವ ತಾಪತ್ರಯವೇ ಇಲ್ಲ.

ಉಳಿದ ಮೂರು ಉತ್ತರ ಎಲ್ಲಿಂದ ಬಂದವು

300 ಅಂದವರು ದಾರಿ ಸರಿಯಾಗೇ ಹಿಡಿದಿದ್ದರು. ಮೂರು ನೂರುಗಳನ್ನು ಎಣಿಸಿ ಕೊನೆಯ 5 ರೂಪಾಯಿಯನ್ನು ಬಿಟ್ಟರು. ಇಂಥ ಲೆಕ್ಕದಲ್ಲಿ ಆಯ್ಕೆಗಳ ನಡುವೆ 300 ಮತ್ತು 305 ಎರಡೂ ಇರುವ ಸಾಧ್ಯತೆ ಜಾಸ್ತಿ. ಎರಡಕ್ಕಿಂತ ಹೆಚ್ಚು ತುಂಡು ಇದ್ದಾಗ ಬಡ್ಡಿಯ ಬಡ್ಡಿಗೂ ಬಡ್ಡಿ ಇರುತ್ತದೆ.

7,240 ಅಂದವರು ತುಂಡುಗಳನ್ನು 3 ಅಂತ ಎಣಿಸಿದರು, ದರವನ್ನು ಮಾತ್ರ ಶೇ. 10ರಲ್ಲೇ ಬಿಟ್ಟರು. ಆಗ ಚಕ್ರಬಡ್ಡಿ 13,240 ಆಗುತ್ತದೆ. ಸರಳ ಬಡ್ಡಿ 6,000 ಇರುವಲ್ಲಿ ಅದರ ಎರಡು ಪಟ್ಟಿಗಿಂತ ಜಾಸ್ತಿ! ಒಂದೂವರೆ ವರ್ಷದಲ್ಲಿ, ಶೇ. 10ರ ದರದಲ್ಲಿ ಅಷ್ಟು ಅಂತರ ಬರುವುದು ಸಾಧ್ಯವಿಲ್ಲ. ಉತ್ತರ ಇಷ್ಟು ಉಬ್ಬಿದ್ದರೆ ದರ ಅರ್ಧ ಮಾಡಿಲ್ಲ ಅಂತಲೇ ಅರ್ಥ.

ಇದರ ಉಲ್ಟಾ ತಪ್ಪೂ ಇದೆ. ದರ ಅರ್ಧ ಮಾಡಿ ಅವಧಿಯನ್ನು ಹಾಗೇ ಬಿಡುವುದು. ಎರಡು ವರ್ಷದ ಲೆಕ್ಕದಲ್ಲಿ ಹಾಗೆ ಮಾಡಿದರೆ ಎರಡೇ ತುಂಡಿನ ಬಡ್ಡಿ ಬರುತ್ತದೆ: 4,100. ಸರಳ ಬಡ್ಡಿಯೇ 8,000 ಇರುವಾಗ ಚಕ್ರಬಡ್ಡಿ ಅದಕ್ಕಿಂತ ಕಡಿಮೆ ಆಗುವುದು ಹೇಗೆ? ಅಂಥ ಉತ್ತರ ಬಂದ ಕೂಡಲೇ ನಿಂತು ಹಿಂದಕ್ಕೆ ಹೋಗಿ.

200 ಅಂದವರ ಕಥೆ ಸ್ವಲ್ಪ ಬೇರೆ. ಅವರು ವರ್ಷಕ್ಕೊಮ್ಮೆ ಕೂಡುವ ಬಡ್ಡಿಯನ್ನು ತೆಗೆದರು, ಅದನ್ನು ಸರಿಯಾಗೇ ತೆಗೆದರು. ಪ್ರಶ್ನೆ ಕೇಳಿದ್ದು ಅದಲ್ಲ ಅಷ್ಟೇ. ಆದರೂ ಅವರ ಲೆಕ್ಕವನ್ನು ನೋಡಬೇಕು, ಯಾಕಂದರೆ "ವರ್ಷಕ್ಕೊಮ್ಮೆ ಕೂಡಿ, ಅವಧಿ ಒಂದೂವರೆ ವರ್ಷ" ಅಂತ ನೇರವಾಗಿಯೂ ಕೇಳುತ್ತಾರೆ.

ಪೂರ್ತಿಯಾಗದ ತುಂಡು ಉಳಿದರೆ

ವರ್ಷಕ್ಕೊಮ್ಮೆ ಅಂದಾಗ ಗೆರೆಯ ಮೇಲೆ ಗುರುತು 12ನೇ ತಿಂಗಳಿಗೆ ಮಾತ್ರ. ಆಮೇಲೆ ಆರು ತಿಂಗಳು ಉಳಿಯುತ್ತದೆ, ಆದರೆ ಮುಂದಿನ ಗುರುತು ಬಂದಿಲ್ಲ. ಪಠ್ಯಪುಸ್ತಕದ ಕ್ರಮ ಹೀಗಿದೆ: ಪೂರ್ತಿ ವರ್ಷಕ್ಕೆ ಚಕ್ರಬಡ್ಡಿ ಹಾಕಿ, ಉಳಿದ ತಿಂಗಳುಗಳಿಗೆ ಆಗಿನ ಮೊತ್ತದ ಮೇಲೆ ಸರಳ ಬಡ್ಡಿ ಹಾಕಿ. 40,000 ಮೊದಲ ವರ್ಷಕ್ಕೆ 44,000 ಆಯಿತು. ಅದರ ಮೇಲೆ ಆರು ತಿಂಗಳ ಬಡ್ಡಿ 2,200. ಒಟ್ಟು 46,200. ಚಕ್ರಬಡ್ಡಿ 6,200, ವ್ಯತ್ಯಾಸ 200.

ಫೋನಿನ ಕ್ಯಾಲ್ಕುಲೇಟರ್‌ನಲ್ಲಿ 1.1ಕ್ಕೆ 1.5ನೇ ಘಾತ ಹಾಕಿ ನೋಡಿದರೆ ಮೊತ್ತ ₹46,147.59 ಬರುತ್ತದೆ. ಪುಸ್ತಕದ ಉತ್ತರ 46,200. ಮಕ್ಕಳು ಪುಸ್ತಕವೇ ತಪ್ಪು ಅಂದುಕೊಳ್ಳುತ್ತಾರೆ. ತಪ್ಪಲ್ಲ. ಘಾತವನ್ನು ಹಾಗೆ ಹಾಕಿದರೆ ಬಡ್ಡಿ ನಡುವೆಯೂ ನುಣ್ಣಗೆ ಬೆಳೆಯುತ್ತಾ ಹೋಯಿತು ಅಂತ ಆಗುತ್ತದೆ. ನಮ್ಮ ಕರಾರಿನಲ್ಲಿ ಹಾಗಿಲ್ಲ, ಬಡ್ಡಿ ಸೇರುವುದು ಗುರುತಿನ ದಿನ ಮಾತ್ರ. ಶಾಲೆ, ಪಿಯು, ಸ್ಪರ್ಧಾತ್ಮಕ ಪರೀಕ್ಷೆ, ಎಲ್ಲ ಕಡೆ 46,200 ಬರುವ ಕ್ರಮವನ್ನೇ ಹಿಡಿಯಿರಿ.

ಅರ್ಧ ವಾರ್ಷಿಕದಲ್ಲೂ ಇದೇ ನಿಯಮ. ಒಂಬತ್ತು ತಿಂಗಳು ಅಂತ ಕೊಟ್ಟರೆ ಒಂದು ಪೂರ್ತಿ ತುಂಡು, ಮೇಲೆ ಮೂರು ತಿಂಗಳು. ಮೊದಲ ಆರು ತಿಂಗಳಿಗೆ 2,000. ಆಮೇಲೆ 42,000ದ ಮೇಲೆ ಮೂರು ತಿಂಗಳಿಗೆ ಶೇ. 2.5, ಅಂದರೆ 1,050. ಒಟ್ಟು 3,050. ಅವಧಿ ಬರೀ ಆರು ತಿಂಗಳು ಅಂತ ಕೊಟ್ಟರೆ ಲೆಕ್ಕ ಮಾಡುವುದೇ ಬೇಡ. ಮೊದಲ ತುಂಡಿನಲ್ಲಿ ಎರಡೂ ಬಡ್ಡಿ ಸಮ, ವ್ಯತ್ಯಾಸ ಸೊನ್ನೆ. ಒಂದು ಅಂಕದ ಪ್ರಶ್ನೆಯಲ್ಲಿ ಇದನ್ನು ಕೇಳಿ ಎಡವಿಸುತ್ತಾರೆ.

ಈಗ ಮೂರನ್ನೂ ಪಕ್ಕಪಕ್ಕ ಇಡಿ. ಒಂದೂವರೆ ವರ್ಷಕ್ಕೆ ಸರಳ ಬಡ್ಡಿ 6,000. ವರ್ಷಕ್ಕೊಮ್ಮೆ ಕೂಡಿದರೆ 6,200. ಅರ್ಧ ವರ್ಷಕ್ಕೊಮ್ಮೆ ಕೂಡಿದರೆ 6,305. ಅವಧಿ ಒಂದು ವರ್ಷ ದಾಟಿದರೆ ಈ ಕ್ರಮ ಯಾವತ್ತೂ ಹೀಗೇ ಇರುತ್ತದೆ. ನಿಮ್ಮ ಉತ್ತರ ಈ ಸಾಲಿನಲ್ಲಿ ಜಾಗ ತಪ್ಪಿ ಕೂತರೆ ಎಲ್ಲೋ ಜಾರಿದ್ದೀರಿ. ಕೊನೆಯ ಎರಡರ ನಡುವಿನ 105 ಎಲ್ಲಿಂದ ಬಂತು ಅಂತ ಯೋಚಿಸಿ ನೋಡಿ. ಮೊದಲ ವರ್ಷದ ನಡುವೆಯೇ ಬಡ್ಡಿ ಸೇರಿದ್ದಕ್ಕೆ 100, ಆ ನೂರು ಮುಂದಿನ ಆರು ತಿಂಗಳು ದುಡಿದಿದ್ದಕ್ಕೆ 5.

ವ್ಯತ್ಯಾಸ ಕೊಟ್ಟು ಅಸಲು ಕೇಳಿದಾಗ

ಪರೀಕ್ಷೆಯವರು ತಿರುಗಿಸಿ ಕೇಳುವುದೇ ಜಾಸ್ತಿ. "ಒಂದು ಮೊತ್ತಕ್ಕೆ ವಾರ್ಷಿಕ ಶೇ. 8ರಂತೆ ಒಂದು ವರ್ಷಕ್ಕೆ, ಅರ್ಧ ವರ್ಷಕ್ಕೊಮ್ಮೆ ಕೂಡುವ ಚಕ್ರಬಡ್ಡಿಗೂ ಸರಳ ಬಡ್ಡಿಗೂ ವ್ಯತ್ಯಾಸ ₹36. ಅಸಲು ಎಷ್ಟು?"

ಎರಡು ತುಂಡು, ತುಂಡಿನ ದರ ಶೇ. 4. ಎರಡು ತುಂಡಿದ್ದಾಗ ವ್ಯತ್ಯಾಸ ಒಂದೇ ಕಡೆಯಿಂದ ಬರುತ್ತದೆ: ಮೊದಲ ಬಡ್ಡಿಯ ಮೇಲಿನ ಬಡ್ಡಿ. ಹಾಗಾಗಿ 36 ಅನ್ನುವುದು ಮೊದಲ ಬಡ್ಡಿಯ ಶೇ. 4. ಮೊದಲ ಬಡ್ಡಿ 36ರ 25 ಪಟ್ಟು, ಅಂದರೆ 900. ಆ 900 ಅಸಲಿನ ಶೇ. 4. ಅಸಲು 900ರ 25 ಪಟ್ಟು, ₹22,500. ಎರಡು ಸಲ 25ರಿಂದ ಗುಣಿಸಿದ್ದು ಬಿಟ್ಟರೆ ನಾವು ಬೇರೇನೂ ಮಾಡಿಲ್ಲ.

ಇದೇ ಲೆಕ್ಕಕ್ಕೆ ಎಷ್ಟೋ ಜನ 5,625 ಅಂತ ಉತ್ತರ ತರುತ್ತಾರೆ. ಅವರು ಎರಡು ವರ್ಷದ ವ್ಯತ್ಯಾಸದ ಸೂತ್ರಕ್ಕೆ ಶೇ. 8ನ್ನು ಹಾಗೇ ಹಾಕಿರುತ್ತಾರೆ. ನೆನಪಿಡಿ, ಆ ಸೂತ್ರದಲ್ಲಿ "ಎರಡು ವರ್ಷ" ಅಂತ ಇರುವುದು ನಿಜವಾಗಿ "ಎರಡು ತುಂಡು". ದರವೂ ಆ ತುಂಡಿನದೇ ಆಗಿರಬೇಕು.

ದರ ಕೇಳಿದರೂ ಇದೇ ಎಳೆ. "ಒಂದು ವರ್ಷದ ಸರಳ ಬಡ್ಡಿ 1,800, ಅರ್ಧ ವರ್ಷಕ್ಕೊಮ್ಮೆ ಕೂಡುವ ಚಕ್ರಬಡ್ಡಿ 1,836. ದರ ಎಷ್ಟು?" ಒಂದು ತುಂಡಿನ ಬಡ್ಡಿ 1,800ರ ಅರ್ಧ, 900. ಅದರ ಮೇಲೆ 36 ಬಂದಿದೆ. 900ಕ್ಕೆ 36 ಅಂದರೆ ಶೇ. 4. ಇಲ್ಲಿಗೇ ನಿಲ್ಲಿಸಿ 4 ಅಂತ ಗುರುತು ಮಾಡಿಬಿಡಬೇಡಿ. ಕೇಳಿದ್ದು ವಾರ್ಷಿಕ ದರ, ಅದು ಶೇ. 8. 36ನ್ನು 1,800ರಿಂದ ಭಾಗಿಸಿ ಶೇ. 2 ಅಂದವರೂ ಇದ್ದಾರೆ. ಬಡ್ಡಿಯ ಬಡ್ಡಿ ಹುಟ್ಟಿದ್ದು ಮೊದಲ ಅರ್ಧ ವರ್ಷದ 900ರ ಮೇಲೆ, ಇಡೀ 1,800ರ ಮೇಲಲ್ಲ.

ಕಾಮರ್ಸ್ ಮಕ್ಕಳಿಗೆ ಇನ್ನೊಂದು ಮಾತು. ವಿವರವಾಗಿ ಬರೆಯುವ ಉತ್ತರದಲ್ಲಿ ಪ್ರತಿ ತುಂಡಿನ ಅಸಲು, ಬಡ್ಡಿ, ಮೊತ್ತ ಮೂರನ್ನೂ ಸಾಲಾಗಿ ತೋರಿಸಿ. ನಡುವೆ ಪೈಸೆಗಳನ್ನು ಕೈಬಿಡಬೇಡಿ, ಕೊನೆಯಲ್ಲಿ ಮಾತ್ರ ಪೂರ್ಣಾಂಕ ಮಾಡಿ. "ಬಡ್ಡಿಯನ್ನು ಅರ್ಧ ವರ್ಷಕ್ಕೊಮ್ಮೆ ಪಾವತಿಸಲಾಗುತ್ತದೆ" ಅನ್ನುವುದಕ್ಕೂ "ಅಸಲಿಗೆ ಕೂಡಿಸಲಾಗುತ್ತದೆ" ಅನ್ನುವುದಕ್ಕೂ ಬಹಳ ಅಂತರ ಇದೆ. ಪಾವತಿಸಿದರೆ ದುಡ್ಡು ಕೈಗೆ ಬಂತು, ಅಸಲು ಇದ್ದಷ್ಟೇ ಇರುತ್ತದೆ. ಆಗ ಆ ಖಾತೆಯಲ್ಲಿ ಬಡ್ಡಿಗೆ ಬಡ್ಡಿ ಇಲ್ಲ.

ಚೀಟಿಯ ಮೇಲಿನ ಲೆಕ್ಕ

ಅವತ್ತು ಪಾಠ ಮುಗಿದ ಮೇಲೆ ಆ ಸಿಂಧನೂರಿನ ಹುಡುಗ ಹಿಂದೆಯೇ ಉಳಿದ. ಮಾರನೇ ದಿನ ಮೂರು ಚೀಟಿ ತಂದ. ಅವರ ಅಪ್ಪ ಭತ್ತದ ನಾಟಿಗೆ ಅಂತ ₹50,000 ಕೈಸಾಲ ಮಾಡಿದ್ದರು. "ನೂರಕ್ಕ ಎರಡು" ಅಂತ ಮಾತಾಗಿತ್ತು. ನಮ್ಮ ಕಡೆ ನೂರಕ್ಕೆ ಎರಡು ಅಂದರೆ ತಿಂಗಳಿಗೆ ಎರಡು ರೂಪಾಯಿ. ಆರು ತಿಂಗಳಿಗೆ ಶೇ. 12, ವರ್ಷಕ್ಕೆ ಶೇ. 24. ವರ್ಷಕ್ಕೆ ಶೇ. 2 ಅಂದುಕೊಂಡರೆ ಪೂರ್ತಿ ಮೋಸ ಹೋಗುತ್ತೇವೆ.

ಹದಿನೆಂಟು ತಿಂಗಳು ಕಳೆದಿತ್ತು. ಅಪ್ಪನ ಬಾಯಿಲೆಕ್ಕ: ತಿಂಗಳಿಗೆ ಸಾವಿರ, ಹದಿನೆಂಟು ತಿಂಗಳಿಗೆ 18,000, ಒಟ್ಟು 68,000 ಕೊಟ್ಟರೆ ಮುಗಿಯಿತು. ಸಾಲ ಕೊಟ್ಟವರು ಕೇಳಿದ್ದು 70,246. "ಎಲ್ಲಿ ಜಾಸ್ತಿ ಹಿಡಿದಾರ್ರೀ ಸರ್?" ಅಂತ ಅವನು ಕೇಳಿದ.

ಚೀಟಿಗಳನ್ನು ಒಂದರ ಪಕ್ಕ ಒಂದು ಇಟ್ಟೆವು. ಮೊದಲ ಚೀಟಿಯಲ್ಲಿ ಅಸಲು 50,000. ಆರು ತಿಂಗಳಿಗೆ ಬಡ್ಡಿ ಕಟ್ಟಲು ಆಗಿರಲಿಲ್ಲ, ಚೀಟಿ ತಿರುವಿ ಬರೆದಿದ್ದರು. ಎರಡನೇ ಚೀಟಿಯಲ್ಲಿ ಅಸಲು ಅಂತ ಬರೆದ ಜಾಗದಲ್ಲಿ 56,000 ಇತ್ತು. ಮೂರನೆಯದರಲ್ಲಿ 62,720. ಅದರ ಮೇಲೆ ಶೇ. 12 ಹಾಕಿದರೆ 7,526.40. ಕೂಡಿದರೆ 70,246.40. ಗುಣಾಕಾರದಲ್ಲಿ ಎಲ್ಲೂ ತಪ್ಪಿರಲಿಲ್ಲ.

ಅವನಿಗೆ ಪೆನ್ನು ಕೊಟ್ಟು ವ್ಯತ್ಯಾಸ ಬಿಡಿಸು ಅಂದೆ. 6,000 ಮೂರು ಸಲ ಬರೆದ. ಅದರ ಶೇ. 12 ಅಂದರೆ 720, ಮೂರು ಸಲ. 720ರ ಶೇ. 12 ಅಂದರೆ 86.40, ಒಂದು ಸಲ. 2,160ಕ್ಕೆ 86.40 ಸೇರಿಸಿ ₹2,246.40 ಅಂತ ಬರೆದು ಸ್ವಲ್ಪ ಹೊತ್ತು ನೋಡುತ್ತಾ ಕೂತ. "ಮಾತಿನ್ಯಾಗ ನೂರಕ್ಕ ಎರಡು ಅಂದಿದ್ರು. ಚೀಟಿ ತಿರುವಿದಾಗ ಬಡ್ಡಿನೂ ಅಸಲು ಅಂತ ಬರ್ಕೊಂಡಾರ" ಅಂದ.

ಚೀಟಿ ತಿರುವಿದ ದಿನವೇ ನಮ್ಮ ಗೆರೆಯ ಮೇಲಿನ ಗುರುತು. ಇನ್ನು ಮುಂದೆ ಚೀಟಿ ಬರೆಯುವಾಗ ಅಸಲು ಒಂದು ಸಾಲಿನಲ್ಲಿ, ಬಾಕಿ ಬಡ್ಡಿ ಇನ್ನೊಂದು ಸಾಲಿನಲ್ಲಿ ಬೇರೆ ಬೇರೆ ಬರೆಸಲು ಅಪ್ಪನಿಗೆ ಹೇಳು ಅಂದೆ. ಅವನು ಮೂರೂ ಚೀಟಿಯ ಫೋಟೋ ತೆಗೆದುಕೊಂಡು, ಬಿಡಿಸಿದ ಲೆಕ್ಕದ ಹಾಳೆಯನ್ನು ಮಡಚಿ ಜೇಬಿಗೆ ಇಟ್ಟುಕೊಂಡ. ಆ 2,246 ರೂಪಾಯಿ ಬಿಡಿಸುವ ಮಾತು ಆಡಲು ಅಪ್ಪನ ಜೊತೆ ತಾನೂ ಹೋಗುತ್ತೇನೆ ಅಂದ.